ಎರಡು ಗಡಿಯಾರಗಳು: ತಡವಾದ ಕೋರಿಕೆಯೂ ಗುನಿಕಾರ್ನಿನ ಕಾಲಮಿತಿಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದವು. ಬಯಲುಸೀಮೆಯ ಈ ನೆಲದಲ್ಲಿ ಮುಂಗಾರು ಮಳೆ ಎಲ್ಲೆಡೆಯೂ ಸಮನಾಗಿ ಬೀಳುವುದಿಲ್ಲ. ಕೊಟ್ಟೂರಿನಲ್ಲಿ ಹದವಾದ ಮಳೆಯಾದ ದಿನ ಕೂಡ್ಲಿಗಿಯಲ್ಲಿ ಒಂದು ಹನಿಯೂ ಬೀಳದಿರುವುದುಂಟು. ಈ ವ್ಯತ್ಯಾಸವನ್ನು ಅಳೆದು ನೋಡಬೇಕೆಂದು ನಮ್ಮ ಭೌತಶಾಸ್ತ್ರದ ವಿದ್ಯಾರ್ಥಿಗಳು 2023ರ ಜೂನ್ 1ರಂದು ಐದು ಊರುಗಳಲ್ಲಿಯೂ ಒಂದೊಂದು ಮಳೆಮಾಪಕವನ್ನು ನಿಲ್ಲಿಸಿದರು. ಪ್ರತಿಯೊಂದು ಮಾಪಕವೂ ಐದು ನಿಮಿಷಕ್ಕೊಮ್ಮೆ ತನ್ನ ಅಳತೆಯನ್ನು ಮೊಬೈಲ್ ಜಾಲದ ಮೂಲಕ ಒಂದು ಸರ್ವರಿಗೆ ಕಳುಹಿಸುತ್ತದೆ. ಅಲ್ಲಿ ಪೈಥಾನ್ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಜಾಲತಾಣವಿದೆ. ಅದರ ಮೊದಲನೆಯ ಪುಟ ನಿನ್ನೆಯ ಮಳೆಯನ್ನು ತಿಳಿಸುತ್ತದೆ. ಎರಡನೆಯ ಪುಟ ಮೊದಲ ದಿನದಿಂದ ಇಂದಿನವರೆಗಿನ ದಿನವಾರು ವರದಿಯನ್ನು ತೋರಿಸುತ್ತದೆ.

ಎರಡು ವರ್ಷಗಳ ಕಾಲ ಈ ವ್ಯವಸ್ಥೆ ತೊಂದರೆಯಿಲ್ಲದೆ ನಡೆಯಿತು. 2025ರ ಜೂನ್ ತಿಂಗಳ ಮೂರನೆಯ ವಾರದಲ್ಲಿ ವರದಿಯ ಪುಟ ಕೆಲವೊಮ್ಮೆ ಬರುತ್ತಿತ್ತು, ಕೆಲವೊಮ್ಮೆ `502 Bad Gateway` ಎಂಬ ಒಂದೇ ಸಾಲನ್ನು ತೋರಿಸಿ ಸುಮ್ಮನಾಗುತ್ತಿತ್ತು. ತಿಂಗಳ ಕೊನೆಗೆ ಅದು ಬರುವುದೇ ಇಲ್ಲವಾಯಿತು. ವಿಚಿತ್ರವೆಂದರೆ, ಆ ದಿನಗಳಲ್ಲಿ ಯಾರೂ ಕಾರ್ಯಕ್ರಮದ ಒಂದು ಅಕ್ಷರವನ್ನೂ ಬದಲಾಯಿಸಿರಲಿಲ್ಲ. ಯಾರೂ ಮುಟ್ಟದ ಯಂತ್ರ ತಾನಾಗಿಯೇ ಕೆಟ್ಟುದು ಹೇಗೆ? ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ, ಒಂದು ಕೋರಿಕೆ ನಮ್ಮ ಕೈಯಲ್ಲಿರುವ ಫೋನಿನಿಂದ ಹೊರಟು ಉತ್ತರವಾಗಿ ಹಿಂದಿರುಗುವ ಹಾದಿಯನ್ನು ಮೊದಲು ತಿಳಿಯಬೇಕು.

ಕೋರಿಕೆಯ ಹಾದಿ

ಫೋನಿನಿಂದ ಬಂದ ಕೋರಿಕೆ ನೇರವಾಗಿ ಪೈಥಾನ್ ಕಾರ್ಯಕ್ರಮವನ್ನು ತಲುಪುವುದಿಲ್ಲ. ಬಾಗಿಲಲ್ಲಿ ಎಂಜಿನ್‌ಎಕ್ಸ್ ಎಂಬ ಇನ್ನೊಂದು ಕಾರ್ಯಕ್ರಮ ಕುಳಿತಿರುತ್ತದೆ. ಹೊರಗಿನವರ ಕೋರಿಕೆಯನ್ನು ತಾನು ಪಡೆದು, ಒಳಗಿನವರಿಗೆ ಮುಟ್ಟಿಸಿ, ಅವರು ಕೊಟ್ಟ ಉತ್ತರವನ್ನು ಹೊರಗಿನವರಿಗೆ ಒಪ್ಪಿಸುವುದು ಅದರ ಕೆಲಸ. ಇಂಥ ಮಧ್ಯವರ್ತಿಗೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ಫೋನಿನ ಜಾಲ ಎಷ್ಟೇ ಮಂದವಾಗಿದ್ದರೂ ಎಂಜಿನ್‌ಎಕ್ಸ್ ಕೋರಿಕೆಯನ್ನು ಪೂರ್ತಿಯಾಗಿ ಸಂಗ್ರಹಿಸಿಕೊಂಡ ಮೇಲೆಯೇ ಒಳಗೆ ಕಳುಹಿಸುತ್ತದೆ. ಹಾಗೆಯೇ ಒಳಗಿನ ಉತ್ತರವನ್ನು ಒಮ್ಮೆಗೇ ತನ್ನಲ್ಲಿ ತುಂಬಿಕೊಂಡು, ಫೋನು ಸ್ವೀಕರಿಸಬಲ್ಲ ವೇಗದಲ್ಲಿ ಮೆಲ್ಲನೆ ಹೊರಗೆ ಬಿಡುತ್ತದೆ. ಆದುದರಿಂದ ಹಳ್ಳಿಯ ಮೊಬೈಲ್ ಜಾಲದ ನಿಧಾನ ಒಳಗಿನ ಕೆಲಸಗಾರರನ್ನು ಕಾಡುವುದಿಲ್ಲ. ಈ ಅಂಶ ಮುಂದೆ ಉಪಯೋಗಕ್ಕೆ ಬರುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಎಂಜಿನ್‌ಎಕ್ಸಿನ ಹಿಂದೆ ಗುನಿಕಾರ್ನ್ ಇದೆ. ರೂಬಿ ಭಾಷೆಯವರಿಗಾಗಿ ರಚಿತವಾದ ಯುನಿಕಾರ್ನ್ ಎಂಬ ಸರ್ವರಿನ ಕ್ರಮವನ್ನು ಪೈಥಾನಿಗೆ ಅಳವಡಿಸಿದುದೇ ಗುನಿಕಾರ್ನ್. ಇದರಲ್ಲಿ ಒಬ್ಬ ಮೇಲ್ವಿಚಾರಕನೂ ಕೆಲವು ವರ್ಕರುಗಳೂ ಇರುತ್ತಾರೆ. ಇವೆಲ್ಲವೂ ನಿಜವಾಗಿ ಗಣಕದಲ್ಲಿ ಬೇರೆ ಬೇರೆಯಾಗಿ ನಡೆಯುವ ಪ್ರಕ್ರಿಯೆಗಳು. ಮೇಲ್ವಿಚಾರಕ ಸ್ವತಃ ಯಾವ ಕೋರಿಕೆಗೂ ಉತ್ತರ ಕೊಡುವುದಿಲ್ಲ; ವರ್ಕರುಗಳನ್ನು ಹುಟ್ಟಿಸುವುದು, ಕಾಯುವುದು, ಸತ್ತವರ ಜಾಗಕ್ಕೆ ಹೊಸಬರನ್ನು ತರುವುದು, ಇಷ್ಟೇ ಅವನ ಕಾರ್ಯ. ನಾವು ಬೇರೆ ಏನನ್ನೂ ಹೇಳದಿದ್ದರೆ ವರ್ಕರುಗಳು `sync` ಎಂಬ ಬಗೆಯವು. ಈ ಬಗೆಯ ವರ್ಕರು ಒಂದು ಸಲಕ್ಕೆ ಒಂದೇ ಕೋರಿಕೆಯನ್ನು ಕೈಗೆತ್ತಿಕೊಳ್ಳುತ್ತದೆ, ಅದನ್ನು ಮುಗಿಸದೆ ಇನ್ನೊಂದನ್ನು ಮುಟ್ಟುವುದಿಲ್ಲ. ವರ್ಕರುಗಳ ಸಂಖ್ಯೆ ಪ್ರೊಸೆಸರ್ ಕೋರುಗಳ ಸಂಖ್ಯೆಯ ಎರಡರಷ್ಟಕ್ಕೆ ಒಂದನ್ನು ಸೇರಿಸಿದಷ್ಟಿರಲಿ ಎಂಬುದು ರೂಢಿಯ ಸಲಹೆ. ನಮ್ಮ ಸರ್ವರಿನಲ್ಲಿ ಇರುವುದು ಒಂದೇ ಕೋರು. ಆದುದರಿಂದ ಮೂರು ವರ್ಕರುಗಳು.

ಒಳಗಿನ ಗಡಿಯಾರ

ವರ್ಕರು ಬದುಕಿದೆಯೋ, ಎಲ್ಲಿಯೋ ಸಿಕ್ಕಿಹಾಕಿಕೊಂಡು ಜಡವಾಗಿದೆಯೋ ಎಂಬುದನ್ನು ಮೇಲ್ವಿಚಾರಕ ಅರಿಯುವ ಬಗೆ ಸರಳವಾದುದು. ಪ್ರತಿಯೊಂದು ವರ್ಕರಿಗೂ ಒಂದು ಪುಟ್ಟ ತಾತ್ಕಾಲಿಕ ಕಡತವಿರುತ್ತದೆ. ವರ್ಕರು ಹೊಸ ಕೋರಿಕೆಗಾಗಿ ನೋಡುವ ಪ್ರತಿಯೊಂದು ಸಲವೂ ಆ ಕಡತದ ಮೇಲಿನ ವೇಳೆಯನ್ನು ಹೊಸದು ಮಾಡುತ್ತದೆ. ಇದನ್ನು ಅದರ ನಾಡಿಮಿಡಿತವೆಂದು ಕರೆಯಬಹುದು. ಮೇಲ್ವಿಚಾರಕ ಸುಮಾರು ಒಂದು ಸೆಕೆಂಡಿಗೊಮ್ಮೆ ಎಲ್ಲರ ನಾಡಿಯನ್ನೂ ನೋಡುತ್ತಾನೆ. ಕೊನೆಯ ಮಿಡಿತವಾಗಿ 30 ಸೆಕೆಂಡು ಮೀರಿದ್ದರೆ ಆ ವರ್ಕರು ಕೆಟ್ಟಿತೆಂದು ತೀರ್ಮಾನಿಸಿ ಅದನ್ನು ಕೊಲ್ಲುತ್ತಾನೆ. ಮೊದಲು `SIGABRT` ಎಂಬ ಸಂಕೇತ ಹೋಗುತ್ತದೆ. ಅದಕ್ಕೂ ಜಗ್ಗದಿದ್ದರೆ `SIGKILL`. ನಾವು ಬದಲಾಯಿಸದ ಹೊರತು ಈ ಕಾಲಮಿತಿ 30 ಸೆಕೆಂಡುಗಳೇ ಆಗಿರುತ್ತದೆ. ಅದರ ಹೆಸರು `timeout`.

ಇಲ್ಲಿ ಒಂದು ಸೂಕ್ಷ್ಮವಿದೆ. `sync` ವರ್ಕರು ಕೋರಿಕೆಯೊಂದರಲ್ಲಿ ತೊಡಗಿರುವಷ್ಟು ಕಾಲ ಕಡತವನ್ನು ಮುಟ್ಟುವುದೇ ಇಲ್ಲ. ಕೆಟ್ಟು ನಿಂತ ವರ್ಕರಿಗೂ ಪ್ರಾಮಾಣಿಕವಾಗಿ ದೀರ್ಘ ಕೆಲಸ ಮಾಡುತ್ತಿರುವ ವರ್ಕರಿಗೂ ಮೇಲ್ವಿಚಾರಕನ ಕಣ್ಣಿಗೆ ಯಾವ ಭೇದವೂ ಕಾಣದು. ಹೀಗಾಗಿ ಜಡತೆಯನ್ನು ಪತ್ತೆಮಾಡಲು ಇಟ್ಟ ಗಡಿಯಾರ, ಒಂದೊಂದು ಕೋರಿಕೆಗೂ ವಿಧಿಸಿದ ಗಡುವಿನಂತೆ ವರ್ತಿಸುತ್ತದೆ. ನಮ್ಮ ಸರ್ವರಿನ ದಾಖಲೆಯಲ್ಲಿ ದೊರೆತ ಸಾಲುಗಳು ಇವು:

```
[2025-06-23 10:42:31 +0530] [812] [CRITICAL] WORKER TIMEOUT (pid:1047)
[2025-06-23 10:42:31 +0530] [1047] [INFO] Worker exiting (pid: 1047)
[2025-06-23 10:42:31 +0530] [1102] [INFO] Booting worker with pid: 1102
```

ಮೊದಲನೆಯ ಸಾಲನ್ನು ಬರೆದಿರುವವನು 812ನೆಯ ಪ್ರಕ್ರಿಯೆಯಾದ ಮೇಲ್ವಿಚಾರಕ. ಸತ್ತುದು 1047, ಅದರ ಜಾಗಕ್ಕೆ ಬಂದುದು 1102. ವರದಿಯನ್ನು ಕೇಳಿದವನ ಉತ್ತರ 1047ರೊಡನೆ ಮಣ್ಣುಗೂಡಿತು.

ಬಾಗಿಲಿನ ಗಡಿಯಾರ

ಎಂಜಿನ್‌ಎಕ್ಸಿನ ಬಳಿಯೂ ಒಂದು ಗಡಿಯಾರವಿದೆ. ಅದರ ಹೆಸರು `proxy_read_timeout`, ರೂಢಿಯ ಬೆಲೆ 60 ಸೆಕೆಂಡು. ಒಳಗಿನಿಂದ ಉತ್ತರದ ಯಾವ ಭಾಗವೂ ಬಾರದೆ 60 ಸೆಕೆಂಡು ಕಳೆದರೆ ಎಂಜಿನ್‌ಎಕ್ಸ್ ಬೇಸತ್ತು, ಕೇಳಿದವನಿಗೆ 504 ಎಂಬ ಸಂಖ್ಯೆಯನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಇದು ಇಡೀ ಉತ್ತರಕ್ಕೆ ಕೊಟ್ಟ ಗಡುವಲ್ಲ. ಒಂದು ತುಣುಕಿಗೂ ಮುಂದಿನ ತುಣುಕಿಗೂ ನಡುವಣ ಮೌನಕ್ಕೆ ಕೊಟ್ಟ ಗಡುವು. ನಮ್ಮ ವರದಿಯಂತೆ ಎಲ್ಲವನ್ನೂ ಲೆಕ್ಕಹಾಕಿದ ಮೇಲೆ ಒಮ್ಮೆಗೇ ಕಳುಹಿಸುವ ಪುಟಗಳಲ್ಲಿ ಮಾತ್ರ ಇವೆರಡೂ ಒಂದೇ ಆಗುತ್ತವೆ.

ಈಗ 502 ಮತ್ತು 504ರ ಅರ್ಥಭೇದ ಸ್ಪಷ್ಟವಾಗುತ್ತದೆ. 504 ಬಂದರೆ ಬಾಗಿಲಿನ ಗಡಿಯಾರ ಮುಗಿಯಿತೆಂದು ಅರ್ಥ. ಒಳಗಿನ ವರ್ಕರು ಇನ್ನೂ ದುಡಿಯುತ್ತಿರಬಹುದು. ಸುಮಾರು 30 ಸೆಕೆಂಡಿಗೆ ಸರಿಯಾಗಿ 502 ಬಂದರೆ ಒಳಗಿನ ಗಡಿಯಾರ ಮುಗಿಯಿತು. ವರ್ಕರು ಸತ್ತು, ಮಾತಿನ ನಡುವೆ ಸಂಪರ್ಕ ಕಡಿದುಹೋಯಿತು. ಆಗ ಎಂಜಿನ್‌ಎಕ್ಸಿನ ದಾಖಲೆಯಲ್ಲಿ ಈ ಸಾಲು ಇರುತ್ತದೆ:

```
upstream prematurely closed connection while reading
response header from upstream
```

ಬೇರೆ ಕಾರಣಗಳಿಂದಲೂ 502 ಬರಬಹುದು. ಗುನಿಕಾರ್ನ್ ನಡೆಯುತ್ತಲೇ ಇಲ್ಲದಿದ್ದರೂ ಬರುತ್ತದೆ. ಆದರೆ ಆಗ ಅದು ಕ್ಷಣಮಾತ್ರದಲ್ಲಿ ಬರುತ್ತದೆ, 30 ಸೆಕೆಂಡು ಕಾಯಿಸುವುದಿಲ್ಲ. ಆದುದರಿಂದ ತಪ್ಪಿನ ಸಂಖ್ಯೆಯನ್ನಷ್ಟೇ ಅಲ್ಲ, ಅದು ಬರಲು ಹಿಡಿದ ಕಾಲವನ್ನೂ ಕೈಗಡಿಯಾರದಿಂದ ಅಳೆಯಬೇಕು.

ತಪ್ಪು ಯಾರದು?

ನಾವು ಮೊದಲು ಸಂಶಯಿಸಿದುದು ಮೊಬೈಲ್ ಜಾಲವನ್ನು. ಹಳ್ಳಿಗಳಿಂದ ದೂರು ಬಂದುದರಿಂದ ಹಾಗೆ ತೋರಿದುದು ಸಹಜ. ಆದರೆ ಊಹೆಯನ್ನು ಅಳತೆಯಿಂದ ಪರೀಕ್ಷಿಸಲು ಸಾಧ್ಯವಿದೆ. ಎಂಜಿನ್‌ಎಕ್ಸ್ ಪ್ರತಿಯೊಂದು ಕೋರಿಕೆಗೂ ಎರಡು ಕಾಲಗಳನ್ನು ಬರೆದಿಡಬಲ್ಲುದು. `$request_time` ಎಂಬುದು ಹೊರಗಿನವರೊಡನೆ ಕಳೆದ ಒಟ್ಟು ಕಾಲ. `$upstream_response_time` ಎಂಬುದು ಒಳಗಿನ ಉತ್ತರಕ್ಕಾಗಿ ವ್ಯಯವಾದ ಕಾಲ. ದಾಖಲೆಯ ನಮೂನೆಯಲ್ಲಿ ಇವೆರಡನ್ನೂ ಸೇರಿಸಿ ನೋಡಿದೆವು. ನಿನ್ನೆಯ ಮಳೆಯ ಪುಟಕ್ಕೆ ಒಂದು ಹಳ್ಳಿಯ ಫೋನಿನಿಂದ ಬಂದ ಕೋರಿಕೆಯಲ್ಲಿ ಒಟ್ಟು ಕಾಲ 6.2 ಸೆಕೆಂಡು, ಒಳಗಿನ ಕಾಲ 0.05 ಸೆಕೆಂಡು. ಇದು ಜಾಲದ ನಿಧಾನ. ವರದಿಯ ಪುಟದಲ್ಲಾದರೋ ಒಟ್ಟು ಕಾಲ 30.9, ಒಳಗಿನ ಕಾಲ 30.8. ಕಾಲವೆಲ್ಲ ಒಳಗೆಯೇ ಕಳೆದುಹೋಗಿದೆ, ಜಾಲ ನಿರಪರಾಧಿ.

ಒಳಗೆ ನಡೆಯುತ್ತಿದ್ದುದೇನು? ವರದಿಯನ್ನು ಸಿದ್ಧಪಡಿಸುವ ಭಾಗದ ತಿರುಳು ಇಷ್ಟೇ:

```python
for s in stations:
    for d in days:
        total[s, d] = day_total(s, d)
```

ಇಲ್ಲಿ `day_total` ಎಂಬುದು ಡೇಟಾಬೇಸಿಗೆ ಹೋಗಿ, ಒಂದು ಊರಿನ ಒಂದು ದಿನದ 288 ಅಳತೆಗಳನ್ನು ಕೂಡಿಸಿ ತರುತ್ತದೆ. ಒಂದು ಸಲ ಹೋಗಿಬರಲು 8 ಮಿಲಿಸೆಕೆಂಡು ಹಿಡಿಯುತ್ತದೆ. ಇದನ್ನು ಬರೆದ ದಿನಗಳಲ್ಲಿ ಅದು ಯಾರ ಕಣ್ಣಿಗೂ ದೋಷವೆನಿಸಲಿಲ್ಲ. ಆದರೆ ದಿನಗಳ ಸಂಖ್ಯೆಯನ್ನು *d* ಎಂದು ಕರೆದರೆ, ವರದಿಗೆ ಬೇಕಾದ ಕಾಲ ಹೀಗಾಗುತ್ತದೆ:

T = 5 × d × 0.008 = 0.04 d ಸೆಕೆಂಡು

ದಿನವೊಂದಕ್ಕೆ 0.04 ಸೆಕೆಂಡಿನಂತೆ ಏರುವ ಸರಳರೇಖೆ ಇದು. ಮೊದಲನೆಯ ವರ್ಷದ ಕೊನೆಗೆ, ಎಂದರೆ 2024ರ ಮೇ 31ರಂದು, ಅಧಿಕ ದಿನವೂ ಸೇರಿ d = 366; T = 14.6 ಸೆಕೆಂಡು. ಎರಡನೆಯ ವರ್ಷದ ಕೊನೆಗೆ d = 731; T = 29.2 ಸೆಕೆಂಡು. ರೇಖೆ 30 ಸೆಕೆಂಡನ್ನು ಮುಟ್ಟುವುದು d = 750 ಆದಾಗ. ಅಂದು 2025ರ ಜೂನ್ 19!

ಯಾರೂ ಮುಟ್ಟದ ಯಂತ್ರ ಏಕೆ ಕೆಟ್ಟಿತೆಂಬ ಪ್ರಶ್ನೆಗೆ ಇದೇ ಉತ್ತರ. ಯಂತ್ರ ಕೆಡಲಿಲ್ಲ, ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ನಿಧಾನವಾಗುತ್ತಿದ್ದ ಕೆಲಸ ಅಂದು ಗಡುವಿನ ಗೆರೆಯನ್ನು ದಾಟಿತು. 8 ಮಿಲಿಸೆಕೆಂಡು ಎಂಬುದು ಸರಾಸರಿಯಾದುದರಿಂದ, ಗೆರೆಯ ಆಸುಪಾಸಿನ ದಿನಗಳಲ್ಲಿ ಪುಟ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಆಗಾಗ ಕಾಣಿಸಿಕೊಂಡು ಮಾಯವಾಗುವ ದೋಷವನ್ನು ಕಂಡಾಗ, ಯಾವುದೋ ಅಳತೆ ಯಾವುದೋ ಮಿತಿಯ ಅಂಚಿನಲ್ಲಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಗಡುವನ್ನು ಹೆಚ್ಚಿಸಿದರೆ ಸಾಲದೆ?

ಅವಸರದಲ್ಲಿ ನಾವು ಮಾಡಿದುದೂ ಅದನ್ನೇ. ಗುನಿಕಾರ್ನನ್ನು ಆರಂಭಿಸುವ ಆಜ್ಞೆಯಲ್ಲಿ `--timeout 120` ಎಂದು ಬರೆದೆವು. ವರದಿ ಒಡನೆಯೇ ಬರತೊಡಗಿತು. ಸಮಸ್ಯೆ ತೀರಿತೆಂದು ಭಾವಿಸಿದೆವು. ಹಾಗೆಯೇ ಬಿಟ್ಟಿದ್ದರೆ ನಮ್ಮ ಸರಳರೇಖೆ d = 1500ರಲ್ಲಿ, ಎಂದರೆ 2027ರ ಜುಲೈ 9ರಂದು, ಬಾಗಿಲಿನ ಗಡಿಯಾರದ 60 ಸೆಕೆಂಡನ್ನು ಮುಟ್ಟುತ್ತಿತ್ತು. ಆದರೆ ಅಷ್ಟು ದಿನ ಕಾಯಬೇಕಾಗಲಿಲ್ಲ. ಜುಲೈ 14ರ ಸೋಮವಾರ ಪ್ರಯೋಗಶಾಲೆಯಲ್ಲಿ 12 ಮಂದಿ ವಿದ್ಯಾರ್ಥಿಗಳಿಗೆ ವರದಿಯನ್ನು ತೆರೆಯುವಂತೆ ಹೇಳಿದೆನು. ಅಂದಿಗೆ d = 775, T = 31 ಸೆಕೆಂಡು.

ಡೇಟಾಬೇಸಿನ ವೇಗ ಕುಗ್ಗಲಿಲ್ಲವೆಂದೇ ಇಟ್ಟುಕೊಂಡು ಅಂದು ನಡೆದುದನ್ನು ಲೆಕ್ಕಹಾಕೋಣ. ಮೂರು ವರ್ಕರುಗಳು ಮೂರು ಕೋರಿಕೆಗಳನ್ನು ಹಿಡಿದವು. ಉಳಿದ 9 ಸರದಿಯಲ್ಲಿ ನಿಂತವು. 31ನೆಯ ಸೆಕೆಂಡಿಗೆ ಮೂವರಿಗೆ ವರದಿ ದೊರೆಯಿತು. ಎರಡನೆಯ ತಂಡದ ಮೂರು ಕೋರಿಕೆಗಳು 62ನೆಯ ಸೆಕೆಂಡಿಗೆ ಮುಗಿಯಬೇಕು. ಆದರೆ ಎಂಜಿನ್‌ಎಕ್ಸಿನ ಗಡಿಯಾರ ಕೋರಿಕೆಯನ್ನು ಒಳಗೆ ಕಳುಹಿಸಿದ ಕ್ಷಣದಿಂದಲೇ ಓಡುತ್ತಿರುತ್ತದೆ. ಸರದಿಯಲ್ಲಿ ನಿಂತ ಕಾಲವೂ ಅದರ ಲೆಕ್ಕಕ್ಕೆ ಸೇರುತ್ತದೆ. 60ನೆಯ ಸೆಕೆಂಡಿಗೆ ಅದು ಉಳಿದ ಒಂಬತ್ತು ಮಂದಿಗೂ 504 ಎಂದು ಹೇಳಿಬಿಟ್ಟಿತು. ಎರಡನೆಯ ತಂಡದವರು ಎರಡೇ ಸೆಕೆಂಡುಗಳಿಂದ ವಂಚಿತರಾದರು.

ಇದಕ್ಕಿಂತ ಕೆಟ್ಟುದು ಮುಂದೆ ಇದೆ. ಬಾಗಿಲಲ್ಲಿ ಕೋರಿಕೆ ರದ್ದಾದ ಸಂಗತಿ `sync` ವರ್ಕರಿಗೆ ತಿಳಿಯುವುದಿಲ್ಲ. ಸರದಿಯಲ್ಲಿ ಬಿದ್ದಿದ್ದ ಕೋರಿಕೆಗಳನ್ನು ಅದು ಒಂದೊಂದಾಗಿ ಎತ್ತಿಕೊಂಡು, 31 ಸೆಕೆಂಡು ದುಡಿದು, ಉತ್ತರವನ್ನು ಕೊಡಲು ಹೋದಾಗ ಮಾತ್ರ ಪಡೆಯುವವರಿಲ್ಲವೆಂದು ಅರಿಯುತ್ತದೆ. ಹೀಗೆ 124ನೆಯ ಸೆಕೆಂಡಿನವರೆಗೆ ಮೂರು ವರ್ಕರುಗಳೂ ಯಾರಿಗೂ ಬೇಡದ ವರದಿಗಳನ್ನು ಬರೆಯುತ್ತಿದ್ದವು. ಅಷ್ಟರಲ್ಲಿ 504ನ್ನು ಕಂಡ ವಿದ್ಯಾರ್ಥಿಗಳು ಪುಟವನ್ನು ಮತ್ತೆ ಮತ್ತೆ ತೆರೆದುದರಿಂದ ಸರದಿ ಇನ್ನೂ ಬೆಳೆಯಿತು.

ಆ ಹೊತ್ತು ಬಿತ್ತನೆಯ ಕಾಲ. ಹಡಗಲಿ ತಾಲ್ಲೂಕಿನ ವಿದ್ಯಾರ್ಥಿಯೊಬ್ಬನ ತಂದೆ, ನಿನ್ನೆ ತಮ್ಮ ಕಡೆ ಎಷ್ಟು ಮಳೆಯಾಯಿತೆಂದು ಮೊದಲನೆಯ ಪುಟದಲ್ಲಿ ನೋಡಲೆಳಸಿದರು. ಅದು 0.05 ಸೆಕೆಂಡಿನ ಕೆಲಸ. ಆದರೂ ಅವರಿಗೆ ಉತ್ತರ ಸಿಗಲಿಲ್ಲ, ಮಗನಿಗೆ ಕರೆಮಾಡಿ, "ನಿಮ್ಮ ಮಳೆ ಯಂತ್ರ ಕೆಟ್ಟೈತೇನಪ್ಪಾ?" ಎಂದು ಕೇಳಿದರು. ಮಾಪಕ ಸರಿಯಾಗಿಯೇ ಇತ್ತು. ಉತ್ತರ ಹೇಳಬೇಕಾದ ಮೂರು ವರ್ಕರುಗಳೂ ದೊಡ್ಡ ವರದಿಗಳಲ್ಲಿ ಮುಳುಗಿದ್ದವು. ಕಾಲಮಿತಿಯನ್ನು ಹೆಚ್ಚಿಸುವುದೆಂದರೆ, ತಡವಾದ ಕೋರಿಕೆಗೆ ವರ್ಕರನ್ನು ಇನ್ನೂ ಹೆಚ್ಚು ಹೊತ್ತು ಒತ್ತೆಯಿಡುವುದೆಂದೇ ಅರ್ಥ. ಅದರ ಬೆಲೆಯನ್ನು ತೆರುವವರು ಚಿಕ್ಕ ಕೋರಿಕೆಯವರು.

ನಿಜವಾದ ಪರಿಹಾರ

ಪರಿಹಾರ ಗಡಿಯಾರದಲ್ಲಿಲ್ಲ, ಕೆಲಸದಲ್ಲಿದೆ. 775 ದಿನಗಳಿಗೆ ಡೇಟಾಬೇಸಿಗೆ 3,875 ಸಲ ಹೋಗಿಬರುವ ಬದಲು ಒಂದೇ ಸಲ ಹೋಗಿ ಎಲ್ಲ ಮೊತ್ತಗಳನ್ನೂ ಕೇಳಬಹುದು:

```sql
SELECT station, date(ts), SUM(mm)
FROM reading
GROUP BY station, date(ts);
```

ಒಟ್ಟು 11,16,000 ಅಳತೆಗಳನ್ನು ಡೇಟಾಬೇಸು ತಾನೇ ಕೂಡಿಸಿಕೊಡಲು ನಮ್ಮಲ್ಲಿ ಹಿಡಿದ ಕಾಲ ಸುಮಾರು 2 ಸೆಕೆಂಡು. 31 ಸೆಕೆಂಡು 2ಕ್ಕೆ ಇಳಿಯಿತು. ಆದರೆ ಇದೂ ಏರುತ್ತಲೇ ಇರುವ ರೇಖೆ. ಇಳಿಜಾರು ಮಾತ್ರ ಕಡಿಮೆ. ಕಳೆದುಹೋದ ದಿನದ ಮಳೆ ಮತ್ತೆ ಬದಲಾಗುವುದಿಲ್ಲವಲ್ಲ! ಅದನ್ನು ಪ್ರತಿಯೊಬ್ಬರಿಗಾಗಿಯೂ ಹೊಸದಾಗಿ ಕೂಡಿಸುವುದೇಕೆ? ಆದುದರಿಂದ ನಡುರಾತ್ರಿಯ ತರುವಾಯ ಆ ದಿನದ ಐದು ಮೊತ್ತಗಳನ್ನು ಒಂದು ಪ್ರತ್ಯೇಕ ಕೋಷ್ಟಕದಲ್ಲಿ ಬರೆದಿಡುವ ಏರ್ಪಾಡು ಮಾಡಿದೆವು. ಈಗ ವರದಿಯ ಪುಟ ಆ ಸಿದ್ಧ ಕೋಷ್ಟಕವನ್ನು ಓದುತ್ತದೆ, 0.1 ಸೆಕೆಂಡು ಸಾಕಾಗುತ್ತದೆ. `timeout` ಮತ್ತೆ 30ಕ್ಕೆ ಬಂದಿದೆ.

ಕೆಲವು ಕೆಲಸಗಳನ್ನು ಹೀಗೆ ಕುಗ್ಗಿಸಲಾಗುವುದಿಲ್ಲ. ನೂರು ನಕ್ಷೆಗಳುಳ್ಳ ಪುಸ್ತಕವೊಂದನ್ನು ಮುದ್ರಣಕ್ಕೆ ಸಿದ್ಧಪಡಿಸಲು ನಿಜವಾಗಿಯೂ ಎರಡು ನಿಮಿಷ ಬೇಕಾಗಬಹುದು. ಅಂಥ ಕಡೆ ಹಿಟ್ಟಿನ ಗಿರಣಿಯ ಪದ್ಧತಿಯನ್ನು ಅನುಸರಿಸಬೇಕು. ಗಿರಣಿಗೆ ಹೋದವರು ಡಬ್ಬಿಯನ್ನು ಇಟ್ಟು, ಹೆಸರು ಹೇಳಿ, ಮನೆಗೆ ಹೋಗುತ್ತಾರೆ. ಸಂಜೆ ಬಂದು ಹಿಟ್ಟನ್ನು ಒಯ್ಯುತ್ತಾರೆ. ಹಾಗೆಯೇ ವರ್ಕರು ಕೋರಿಕೆಯನ್ನು ಒಂದು ಸರದಿಪಟ್ಟಿಯಲ್ಲಿ ಬರೆದು, ಕೇಳಿದವನಿಗೆ ಒಂದು ಸಂಖ್ಯೆಯನ್ನು ಕೊಟ್ಟು ತಕ್ಷಣವೇ ಬಿಡುವಾಗಬೇಕು. ಗುನಿಕಾರ್ನಿಗೆ ಹೊರತಾದ ಇನ್ನೊಂದು ಪ್ರಕ್ರಿಯೆ ಪಟ್ಟಿಯನ್ನು ನೋಡಿ ಪುಸ್ತಕವನ್ನು ಸಿದ್ಧಪಡಿಸುತ್ತದೆ. ಕೇಳಿದವನ ಪುಟ ಆಗಾಗ ಬಂದು, ಆಯಿತೇ ಎಂದು ವಿಚಾರಿಸುತ್ತದೆ. ಆ ಪ್ರಕ್ರಿಯೆಗೆ ಈ ಎರಡು ಗಡಿಯಾರಗಳ ಭಯವಿಲ್ಲ.

ಇನ್ನೊಂದು ಸಂದರ್ಭವನ್ನು ಹೇಳಿ ಮುಗಿಸಬಹುದು. ನಮ್ಮ ಕಾರ್ಯಕ್ರಮ ಬೇರೊಂದು ಸರ್ವರಿನಿಂದ ಮಾಹಿತಿಯನ್ನು ತರಿಸುತ್ತಿದ್ದರೆ, ಆ ಸರ್ವರಿನ ಮೌನ ನಮ್ಮ ವರ್ಕರನ್ನು ಕೊಲ್ಲಬಹುದು. ಪೈಥಾನಿನ `requests` ಗ್ರಂಥಾಲಯದಲ್ಲಿ ನಾವಾಗಿ ಹೇಳದಿದ್ದರೆ ಕಾಯುವುದಕ್ಕೆ ಮಿತಿಯೇ ಇಲ್ಲ. `requests.get(url, timeout=5)` ಎಂದು ಬರೆದರೆ ವರ್ಕರು ತಾನೇ ಬೇಗನೆ ಕೈಬಿಟ್ಟು, ಮಾಹಿತಿ ದೊರೆಯಲಿಲ್ಲವೆಂದು ಮರ್ಯಾದೆಯಿಂದ ಉತ್ತರಿಸಬಲ್ಲುದು. ಒಳಗೆ ಹೋದಂತೆಲ್ಲ ಗಡುವು ಚಿಕ್ಕದಾಗಿರಬೇಕೆಂಬುದು ಇಲ್ಲಿಯ ನಿಯಮ: ಹೊರಗಿನ ಸರ್ವರಿಗೆ 5, ಗುನಿಕಾರ್ನಿಗೆ 30, ಎಂಜಿನ್‌ಎಕ್ಸಿಗೆ 60. ಇದಕ್ಕೆ ಒಂದು ಅಪವಾದವಿದೆ. `gthread` ಎಂಬ ಬಗೆಯ ವರ್ಕರಿನಲ್ಲಿ ಕೋರಿಕೆಗಳನ್ನು ಬೇರೆ ಎಳೆಗಳು ನೋಡಿಕೊಳ್ಳುತ್ತವೆ, ಮುಖ್ಯ ಎಳೆ ನಾಡಿಮಿಡಿತವನ್ನು ನಡೆಸುತ್ತಲೇ ಇರುತ್ತದೆ. ಅಲ್ಲಿ 30 ಸೆಕೆಂಡಿನ ಮಿತಿ ಒಂದೊಂದು ಕೋರಿಕೆಗೆ ಅನ್ವಯಿಸುವುದಿಲ್ಲ. ದೀರ್ಘ ಕೋರಿಕೆ ಸದ್ದಿಲ್ಲದೆ ಮುಂದುವರಿದು, ದೋಷ 504ರ ರೂಪದಲ್ಲಿಯೇ ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಅಭ್ಯಾಸ. ಮಳೆಮಾಪಕಗಳು ಐದರ ಬದಲು ಎಂಟು ಇದ್ದು, ಮೊದಲಿನ ಕ್ರಮದಲ್ಲಿಯೇ ಒಂದೊಂದು ದಿನದ ಮೊತ್ತಕ್ಕೂ 8 ಮಿಲಿಸೆಕೆಂಡು ಹಿಡಿಯುತ್ತಿದ್ದರೆ, ವರದಿ ಎಷ್ಟನೆಯ ದಿನ 30 ಸೆಕೆಂಡನ್ನು ಮೀರುತ್ತಿತ್ತು? ಉತ್ತರ: T = 0.064 d ಆಗುವುದರಿಂದ 469ನೆಯ ದಿನ. ಅದು 2024ರ ಸೆಪ್ಟೆಂಬರ್ 11.